ಫೋಟೋದಲ್ಲಿ ಅಂಗಡಿ ಬೋರ್ಡ್ ಬದಲಿಸಲು ಯಾವ ದಾರಿ? ಡಿಸ್ಟಾರ್ಟ್, ಪರ್ಸ್ಪೆಕ್ಟಿವ್ ವಾರ್ಪ್ ಮತ್ತು ಉಳಿದವು

ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು ಅನ್ನುವ ಕಾನೂನು 2024ರಲ್ಲಿ ಬಂದ ಮೇಲೆ ಶಿವಮೊಗ್ಗದಲ್ಲಿ ನನ್ನಂಥ ಡಿಸೈನ್ ಮಾಡುವವರಿಗೆ ಹೊಸ ಥರದ ಕೆಲಸ ಶುರುವಾಯಿತು. ಬೋರ್ಡ್ ಬರೆಸುವ ಮುಂಚೆ ಅಂಗಡಿಯವರು ಒಂದು ಫೋಟೋ ಕಳಿಸುತ್ತಾರೆ. "ಹೊಸಾ ಬೋರ್ಡ್ ಹಾಕಿದ್ರೆ ಹೆಂಗೆ ಕಾಣ್ಸುತ್ತೆ, ಇದರ ಮೇಲೇ ಕೂರಿಸಿ ತೋರ್ಸಿ" ಅನ್ನುತ್ತಾರೆ. ಕೇಳುವುದು ನ್ಯಾಯವೇ. ಹನ್ನೆರಡು ಅಡಿ ಬೋರ್ಡ್ ಮಾಡಿಸಿ ಮೇಲೆ ಹತ್ತಿಸಿದ ಮೇಲೆ "ಅಕ್ಷರ ಸಣ್ಣದಾಯ್ತು" ಅಂದರೆ ಯಾರು ಹೊಣೆ?

ಹೋಮ್‌ಸ್ಟೇ ನಡೆಸುವವರದ್ದು ಇನ್ನೊಂದು ಥರ. ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಿಂದೆ ಅಡಿಕೆ ತೋಟ ಕಾಣುವ ಹಾಗೆ ಫೋಟೋ ತೆಗೆಸಿರುತ್ತಾರೆ. ಪರದೆಯಲ್ಲಿ ಅವರ ಬುಕಿಂಗ್ ಪುಟ ಬರಬೇಕು. ಮಳೆಗಾಲಕ್ಕೆ ಒಂದು ದರ, ಬೇಸಿಗೆಗೆ ಒಂದು ದರ. ಹಾಗಾಗಿ ಅದೇ ಫೋಟೋದಲ್ಲಿ ಪರದೆ ಮಾತ್ರ ಮತ್ತೆ ಮತ್ತೆ ಬದಲಾಗಬೇಕು.

ಎರಡೂ ಒಂದೇ ಜಾತಿಯ ಕೆಲಸ. ಓರೆಯಾಗಿ ಕಾಣುವ ಒಂದು ಚೌಕದೊಳಗೆ ನೇರವಾದ ಚಿತ್ರವನ್ನು ಕೂರಿಸಬೇಕು. ಅದಕ್ಕೆ ಫೋಟೋಶಾಪಿನಲ್ಲೇ ಮೂರು ದಾರಿಗಳಿವೆ: ಸಾಮಾನ್ಯ ಡಿಸ್ಟಾರ್ಟ್, ಪರ್ಸ್ಪೆಕ್ಟಿವ್ ವಾರ್ಪ್, ವ್ಯಾನಿಶಿಂಗ್ ಪಾಯಿಂಟ್. ದುಡ್ಡು ಕೊಡದೆ ಮಾಡುವವರಿಗೆ ಫೋಟೋಪಿ ಮತ್ತು ಗಿಂಪ್ ಇವೆ. "ಯಾವುದು ಒಳ್ಳೇದು" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಫೋಟೋದಲ್ಲಿ ಏನಿದೆ ಅಂತ ಮೊದಲು ನೋಡಬೇಕು.

ಮೊದಲು ನೋಡಬೇಕಾದ್ದು

ಬೋರ್ಡಿಗೆ ಎಷ್ಟು ಮುಖ? ಇದೇ ದೊಡ್ಡ ಪ್ರಶ್ನೆ. ಗೋಡೆಗೆ ಹೊಡೆದ ಚಪ್ಪಟೆ ಬೋರ್ಡಾದರೆ ಒಂದು ಮುಖ, ನಾಲ್ಕು ಮೂಲೆ. ಲ್ಯಾಪ್‌ಟಾಪ್ ಪರದೆಯೂ ಅಷ್ಟೇ. ರಸ್ತೆ ಮೂಲೆಯ ಅಂಗಡಿಯಾದರೆ ಬೋರ್ಡ್ ಎದುರಿನಿಂದ ಪಕ್ಕಕ್ಕೆ ಮಡಚಿಕೊಂಡು ಹೋಗಿರುತ್ತದೆ. ಆಗ ಎರಡು ಮುಖ, ನಡುವೆ ಒಂದು ಮಡಿಕೆ.

ಗಿರಾಕಿ ಎಷ್ಟು ಸಲ ಬದಲಿಸುತ್ತಾರೆ? ನನ್ನ ಅನುಭವದಲ್ಲಿ ಮೂರಕ್ಕೆ ಕಡಿಮೆ ಯಾರೂ ಇಲ್ಲ. ಮೊದಲು ಬಣ್ಣ, ಆಮೇಲೆ ಫೋನ್ ನಂಬರ್, ಕೊನೆಗೆ ದೇವರ ಫೋಟೋ. ಹೀಗಿರುವಾಗ ಸ್ಮಾರ್ಟ್ ಆಬ್ಜೆಕ್ಟ್ ಇಲ್ಲದೆ ಕೈ ಹಾಕಬಾರದು. ಸ್ಮಾರ್ಟ್ ಆಬ್ಜೆಕ್ಟ್ ಅಂದರೆ ಲೇಯರಿನೊಳಗೆ ಇಟ್ಟ ಇನ್ನೊಂದು ಫೈಲು. ಹೊರಗೆ ಅದು ಓರೆಯಾಗಿ ಕಾಣುತ್ತದೆ, ಒಳಗೆ ನೇರವಾಗೇ ಇರುತ್ತದೆ. ಲೇಯರಿನ ಚಿಕ್ಕ ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಒಳಗಿನ ಫೈಲು ತೆರೆಯುತ್ತದೆ. ಅಕ್ಷರ ತಿದ್ದಿ Ctrl+S ಒತ್ತಿದರೆ ಫೋಟೋದಲ್ಲಿ ತಾನಾಗೇ ಓರೆಯಾಗಿ ಬಂದು ಕೂರುತ್ತದೆ.

ಬೋರ್ಡಿನ ಅಂಚು ನೆಟ್ಟಗಿದೆಯಾ? ಫೋನಿನ ಅಗಲ ಲೆನ್ಸಿನಲ್ಲಿ, ಅಂದರೆ 0.5 ಅಂತ ತೋರಿಸುವುದರಲ್ಲಿ, ತೆಗೆದ ಫೋಟೋಗಳಲ್ಲಿ ಅಂಚು ಬಿಲ್ಲಿನಂತೆ ಬಾಗಿರಬಹುದು. ಬೋರ್ಡಿನ ಎರಡು ಮೂಲೆಗಳ ನಡುವೆ ಒಂದು ನೇರ ಗೆರೆ ಎಳೆದು ನೋಡಿ. ನಡುವೆ ಬೋರ್ಡಿನ ಅಂಚು ಗೆರೆಯಿಂದ ಐದಾರು ಪಿಕ್ಸೆಲ್ ದೂರ ಹೋಗಿದ್ದರೆ ಮೂಲೆಗಳನ್ನು ಎಷ್ಟು ಸರಿಯಾಗಿ ಕೂರಿಸಿದರೂ ಸಂದಿ ಕಾಣುತ್ತದೆ. ಮೊದಲು ಫೋಟೋದಲ್ಲಿ ಲೆನ್ಸ್ ತಂದ ಆ ಬಾಗನ್ನು ನೆಟ್ಟಗೆ ಮಾಡಿಕೊಳ್ಳಿ, ಅಥವಾ ಅಂಗಡಿಯವರಿಗೆ ಹೇಳಿ ನಾಲ್ಕು ಹೆಜ್ಜೆ ಹಿಂದೆ ನಿಂತು ಮಾಮೂಲಿ ಲೆನ್ಸಿನಲ್ಲಿ ಇನ್ನೊಂದು ಫೋಟೋ ತೆಗೆಸಿ. ಎರಡನೆಯದೇ ಸುಲಭ.

ಕೊನೆಯದು ನಿಮ್ಮ ಕಂಪ್ಯೂಟರ್ ಮತ್ತು ಜೇಬು. ಪರ್ಸ್ಪೆಕ್ಟಿವ್ ವಾರ್ಪಿಗೆ ಗ್ರಾಫಿಕ್ಸ್ ಪ್ರೊಸೆಸರ್ ಬೇಕು. ಹಳೇ ಕಂಪ್ಯೂಟರಿನಲ್ಲಿ ಆ ಮೆನು ಮಸುಕಾಗಿ ಕೂತಿದ್ದರೆ ಕಾರಣ ಬಹುತೇಕ ಇದೇ. Preferences > Performance ಒಳಗೆ Use Graphics Processor ಗುರುತು ಹಾಕಿ ನೋಡಿ. ಅಲ್ಲೂ ಆಗದಿದ್ದರೆ ಆ ದಾರಿ ನಿಮಗಿಲ್ಲ.

ಎಲ್ಲಕ್ಕೂ ಮುಂಚೆ ಅಳತೆ

ಯಾವ ದಾರಿ ಹಿಡಿದರೂ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಬೋರ್ಡ್ 12 ಅಡಿಗೆ 3 ಅಡಿ ಇತ್ತು. ನಾನು ಫೋಟೋ ನೋಡಿ ಅಂದಾಜಿನಲ್ಲಿ 9ಕ್ಕೆ 3ರ ಲೆಕ್ಕದಲ್ಲಿ ಡಿಸೈನ್ ಮಾಡಿದೆ. ಓರೆಯಾಗಿ ಕಂಡ ಬೋರ್ಡ್ ಯಾವಾಗಲೂ ಇರುವುದಕ್ಕಿಂತ ಗಿಡ್ಡ ಕಾಣುತ್ತದೆ, ನೆನಪಿರಲಿಲ್ಲ. ಮೂಲೆಗಳು ಸರಿಯಾಗೇ ಕೂತವು. ಆದರೆ ಅಕ್ಷರಗಳು ಅಡ್ಡಕ್ಕೆ ಎಳೆದ ಹಾಗೆ ದಪ್ಪಗಾದವು. ಅಂಗಡಿಯವರು ಅದನ್ನೇ ಒಪ್ಪಿಕೊಂಡರು. ಆಮೇಲೆ ಅಚ್ಚಾಗಿ ಬಂದ ಬೋರ್ಡ್ ನೋಡಿ "ಫೋಟೋದಲ್ಲಿ ಗುಂಡುಗುಂಡಗಿತ್ತಲ್ಲ ಮಾರಾಯ್ರೆ, ಇದೆಂತ ಸಣಕಲು?" ಅಂದರು.

ಹಾಗಾಗಿ ಅಳತೆಯನ್ನು ಟೇಪು ಹಿಡಿಸಿಯೇ ಕೇಳಿ. ಒಂದು ಅಡಿಗೆ 200 ಪಿಕ್ಸೆಲ್ ಅಂತ ಇಟ್ಟುಕೊಂಡರೆ ಲೆಕ್ಕ ಸುಲಭ. 12ಕ್ಕೆ 3 ಅಡಿ ಅಂದರೆ 2400ಕ್ಕೆ 600. ಲ್ಯಾಪ್‌ಟಾಪಾದರೆ ಪರದೆಯ ಅನುಪಾತ ನೋಡಿ. 16:9 ಆದರೆ 1920ಕ್ಕೆ 1080, 16:10 ಆದರೆ 1920ಕ್ಕೆ 1200. ಒಳಗಿನ ಫೈಲಿನ ಈ ಅಳತೆಯನ್ನು ಮುಂದೆ ಯಾವತ್ತೂ ಬದಲಿಸಬೇಡಿ. ಬದಲಿಸಿದರೆ ಹೊರಗೆ ಕೂರಿಸಿದ್ದೆಲ್ಲ ಜರುಗುತ್ತದೆ.

ಒಂದೇ ಮುಖವಾದರೆ ಡಿಸ್ಟಾರ್ಟ್ ಸಾಕು

ತುಂಬಾ ಜನ ಪರ್ಸ್ಪೆಕ್ಟಿವ್ ವಾರ್ಪ್ ಅನ್ನುವ ಹೆಸರು ಕೇಳಿ ಓರೆ ಇರುವಲ್ಲೆಲ್ಲ ಅದೇ ಬೇಕು ಅಂದುಕೊಂಡಿದ್ದಾರೆ. ಹಾಗಿಲ್ಲ. ಚಪ್ಪಟೆಯಾದ ಒಂದು ಆಯತ ಫೋಟೋದಲ್ಲಿ ಎಷ್ಟೇ ಓರೆಯಾಗಿ ಬಿದ್ದರೂ, ಅದರ ನಾಲ್ಕು ಮೂಲೆ ಎಲ್ಲಿವೆ ಅಂತ ಗೊತ್ತಾದರೆ ಒಳಗಿನ ಪ್ರತಿ ಬಿಂದು ಎಲ್ಲಿ ಕೂರಬೇಕು ಅನ್ನುವುದು ಗಣಿತದಲ್ಲಿ ನಿಗದಿ. ಡಿಸ್ಟಾರ್ಟ್ ಅದನ್ನೇ ಮಾಡುತ್ತದೆ. ದೂರದ ಅಕ್ಷರ ತಾನಾಗೇ ಕಿರಿದಾಗುತ್ತದೆ.

ಮಾಡುವುದು ಇಷ್ಟೇ. ಡಿಸೈನನ್ನು ಫೋಟೋ ಮೇಲೆ ತಂದು, ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ Convert to Smart Object ಕೊಡಿ. ಮೊದಲು ಸ್ಮಾರ್ಟ್ ಆಬ್ಜೆಕ್ಟ್, ಆಮೇಲೆ ಓರೆ. ಈ ಸರದಿ ತಪ್ಪಿದರೆ ಓರೆಯಾದ ಚಿತ್ರವೇ ಒಳಗಿನ ಫೈಲಾಗಿ ಹೋಗುತ್ತದೆ, ತಿದ್ದಲು ಬರುವುದಿಲ್ಲ. Ctrl+T ಒತ್ತಿ, Ctrl ಹಿಡಿದುಕೊಂಡೇ ಒಂದೊಂದು ಮೂಲೆಯನ್ನು ಎಳೆದು ಬೋರ್ಡಿನ ಮೂಲೆಗೆ ಇಡಿ. ಲೇಯರಿನ ಒಪ್ಯಾಸಿಟಿ ಅರ್ಧಕ್ಕೆ ಇಳಿಸಿಕೊಂಡರೆ ಕೆಳಗಿನ ಮೂಲೆ ಕಾಣುತ್ತದೆ. ಮಾರನೇ ದಿನ ಮತ್ತೆ Ctrl+T ಒತ್ತಿದರೂ ಹಿಡಿಗಳು ಅದೇ ಓರೆ ಮೂಲೆಗಳಲ್ಲೇ ಬಂದು ನಿಲ್ಲುತ್ತವೆ. ಮಾಮೂಲಿ ಲೇಯರಾಗಿದ್ದರೆ ಸುತ್ತ ಒಂದು ನೇರ ಚೌಕ ಬರುತ್ತಿತ್ತು, ಮತ್ತೆ ಮೊದಲಿಂದ.

ಸರಿಯಾಗಿ ಕೂತಿದೆಯಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಒಳಗಿನ ಫೈಲಿನಲ್ಲಿ ಮೂಲೆಯಿಂದ ಮೂಲೆಗೆ ಎರಡು ಕರ್ಣ ಎಳೆದು ದೊಡ್ಡ ಗುಣಾಕಾರ ಚಿಹ್ನೆ ಹಾಕಿ. ಜೊತೆಗೆ ನಡುಮಧ್ಯಕ್ಕೆ ಒಂದು ಚುಕ್ಕೆ. ಓರೆ ಮಾಡಿದ ಮೇಲೂ ಕರ್ಣಗಳು ನೆಟ್ಟಗಿರಬೇಕು, ಚುಕ್ಕೆ ಅವು ಕೂಡುವಲ್ಲೇ ಇರಬೇಕು. ಹೋದ ತಿಂಗಳು ಮಾಡಿದ ಬೋರ್ಡಿನಲ್ಲಿ ಹತ್ತಿರದ ಅಂಚು 410 ಪಿಕ್ಸೆಲ್ ಎತ್ತರ ಇತ್ತು, ದೂರದ್ದು 250, ಉದ್ದ 1400. ಕಣ್ಣಂದಾಜಿಗೆ ನಡು ಅಂದರೆ 700ರಲ್ಲಿ. ಆದರೆ ಕರ್ಣಗಳು ಕೂಡಿದ್ದು ಹತ್ತಿರದ ಅಂಚಿನಿಂದ ಸುಮಾರು 870 ಪಿಕ್ಸೆಲ್ ದೂರದಲ್ಲಿ. ಮಧ್ಯದ ಲಾಂಛನ ಅಲ್ಲೇ ಬರಬೇಕು. ಕೆಲವರು ಅಕ್ಷರಗಳನ್ನು Skew ಮಾಡಿ, ಕಿರಿದು ಮಾಡಿ ಕೈಯಲ್ಲೇ ಹೊಂದಿಸುತ್ತಾರಲ್ಲ, ಅವರ ಬೋರ್ಡ್ ಅಂಟಿಸಿದ ಹಾಗೆ ಕಾಣುವುದು ಈ 170 ಪಿಕ್ಸೆಲ್‌ನಿಂದಲೇ.

ಲ್ಯಾಪ್‌ಟಾಪ್ ಪರದೆಗೂ ನಾನು ಡಿಸ್ಟಾರ್ಟನ್ನೇ ಹೇಳುತ್ತೇನೆ. ಅಲ್ಲಿ ತೊಂದರೆ ಬೇರೆ: ಈಗಿನ ಪರದೆಗಳ ಮೂಲೆ ಗುಂಡಗಿರುತ್ತದೆ, ಹಿಡಿಯನ್ನು ಎಲ್ಲಿ ಇಡುವುದು ಅಂತ ಗೊತ್ತಾಗುವುದಿಲ್ಲ. ಗುಂಡಗಿನ ಮೂಲೆಯನ್ನು ಮರೆತುಬಿಡಿ. ನಾಲ್ಕು ನೇರ ಅಂಚುಗಳ ಮೇಲೆ ಗೆರೆ ಎಳೆದು ಮುಂದುವರಿಸಿ, ಗೆರೆಗಳು ಕೂಡುವಲ್ಲಿ ಹಿಡಿ ಇಡಿ. ಆಮೇಲೆ ಮಾಸ್ಕಿನಿಂದ ಮೂಲೆ ಗುಂಡಗೆ ಮಾಡಿ.

ಫೋಟೋ ಇನ್ನೂ ತೆಗೆಯುವುದಿದ್ದರೆ ಪರದೆಯನ್ನು ಆಫ್ ಮಾಡಿಸಿ ತೆಗೆಯಿರಿ. ಆನ್ ಇದ್ದರೆ ಪಟ್ಟೆಪಟ್ಟೆ ಅಲೆಗಳು ಬರುತ್ತವೆ. ಆಫ್ ಇದ್ದರೆ ಕಪ್ಪು ಪರದೆಯಲ್ಲಿ ಜಗಲಿಯ ಕಂಬ, ಆಕಾಶ ಎಲ್ಲ ಮಸುಕಾಗಿ ಪ್ರತಿಫಲಿಸಿರುತ್ತವೆ. ಹೊಸ ಪುಟದ ಲೇಯರಿಗೆ ಬ್ಲೆಂಡ್ ಮೋಡ್ Screen ಕೊಟ್ಟರೆ ಆ ಪ್ರತಿಫಲನ ಉಳಿದುಕೊಂಡು ಪುಟ ಅದರ ಮೇಲೆ ಹೊಳೆಯುತ್ತದೆ. ನಿಜವಾದ ಪರದೆ ಮಾಡುವುದೂ ಅದನ್ನೇ ಅಲ್ವಾ? ಒಂದೇ ಎಚ್ಚರ: ಪರದೆಯ ಮುಂದೆ ಯಾರದಾದರೂ ಬೆರಳು, ಕಾಫಿ ಲೋಟ ಅಡ್ಡ ಬಂದಿದ್ದರೆ ಅದರ ಮೇಲೂ ಪುಟ ದೆವ್ವದ ಹಾಗೆ ಕಾಣುತ್ತದೆ. ಅಷ್ಟನ್ನು ಮಾಸ್ಕ್ ಮಾಡಬೇಕು.

ಮಡಚಿದ ಬೋರ್ಡಿಗೆ ಪರ್ಸ್ಪೆಕ್ಟಿವ್ ವಾರ್ಪ್

ಇದರ ಆಟ ಬೇರೆ. 2014ರ ಶುರುವಿನಲ್ಲಿ ಫೋಟೋಶಾಪ್ ಸಿಸಿಗೆ ಸೇರಿದ ಈ ಸೌಲಭ್ಯದ ಮೂಲ ಉದ್ದೇಶ ಫೋಟೋದಲ್ಲಿರುವ ಕಟ್ಟಡವನ್ನೇ ಬೇರೆ ಕೋನಕ್ಕೆ ತಿರುಗಿಸುವುದು. ಅದಕ್ಕಾಗಿ ಒಂದಕ್ಕೊಂದು ಅಂಟಿದ ಹಲವು ಮುಖಗಳನ್ನು ಒಟ್ಟಿಗೆ ಹಿಡಿಯುವ ಶಕ್ತಿ ಕೊಟ್ಟಿದ್ದಾರೆ. ಮೂಲೆ ಅಂಗಡಿಯ ಬೋರ್ಡಿಗೆ ನಮಗೆ ಬೇಕಾದ್ದು ಅದೇ.

ಗಾಂಧಿ ಬಜಾರಿನ ಒಂದು ಅಡ್ಡರಸ್ತೆ ಮೂಲೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಎದುರಿನ ಬೋರ್ಡ್ 12 ಅಡಿ, ಬಲಗಡೆಗೆ ಮಡಚಿದ ಭಾಗ 4 ಅಡಿ, ಎತ್ತರ 3 ಅಡಿ. ಒಂದೇ ಹಸಿರು ಪಟ್ಟಿ ಎದುರಿನಿಂದ ಪಕ್ಕಕ್ಕೆ ಹರಿದು ಹೋಗಬೇಕು ಅಂತ ಅವರ ಆಸೆ. ನಾನು ಬೋರ್ಡನ್ನು ಬಿಚ್ಚಿ ಚಪ್ಪಟೆ ಮಾಡಿದ ಹಾಗೆ 16 ಅಡಿಯ ಒಂದೇ ಡಿಸೈನ್ ಮಾಡಿದೆ. ಅಳತೆ 3200ಕ್ಕೆ 600. ಎಡದಿಂದ 2400ಕ್ಕೆ ಮಡಿಕೆ. ಅಲ್ಲಿ ಎದ್ದು ಕಾಣುವ ಗುಲಾಬಿ ಬಣ್ಣದಲ್ಲಿ ಒಂದು ತೆಳು ಗೆರೆ. ಎರಡೂ ಭಾಗಗಳಲ್ಲಿ ಆ ಕರ್ಣದ ಗುರುತುಗಳು. ಇವೆಲ್ಲ ಪ್ರತ್ಯೇಕ ಲೇಯರಿನಲ್ಲಿ, ಆಮೇಲೆ ಮುಚ್ಚಿಡಲು.

ಇದನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಫೋಟೋಗೆ ತಂದ ಮೇಲೆ ಗಾತ್ರದ ಒಂದು ಸೂಕ್ಷ್ಮ ಇದೆ. ಡಿಸ್ಟಾರ್ಟ್ ಯಾವಾಗಲೂ ಒಳಗಿನ ಪೂರ್ತಿ ಫೈಲಿನಿಂದ ನೇರವಾಗಿ ಚಿತ್ರ ತೆಗೆದುಕೊಳ್ಳುತ್ತದೆ. ಪರ್ಸ್ಪೆಕ್ಟಿವ್ ವಾರ್ಪ್ ಹಾಗಲ್ಲ, ಅದು ಸ್ಮಾರ್ಟ್ ಫಿಲ್ಟರ್ ಆಗಿ ಕೂರುತ್ತದೆ. ಫೋಟೋ ಮೇಲೆ ನೀವು ಇಟ್ಟ ಗಾತ್ರದ ಚಿತ್ರವನ್ನೇ ಅದು ಬಗ್ಗಿಸುವುದು. ಸಣ್ಣದಾಗಿ ಇಟ್ಟು ಆಮೇಲೆ ಪಿನ್ ಎಳೆದು ದೊಡ್ಡದು ಮಾಡಿದರೆ ಅಕ್ಷರ ಮಂಕಾಗುತ್ತದೆ. ನನ್ನ ಫೋಟೋದಲ್ಲಿ ಮಡಿಕೆಯ ಎತ್ತರ 410 ಪಿಕ್ಸೆಲ್ ಇತ್ತು. ಹಾಗಾಗಿ ಡಿಸೈನನ್ನು ಶೇಕಡ 70ಕ್ಕೆ ಇಳಿಸಿದೆ. 2240ಕ್ಕೆ 420. ಫೋಟೋದಲ್ಲಿ ಬೇಕಾದ ಎತ್ತರಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ ಸಾಕು. ಪೂರ್ತಿ ಡಿಸೈನ್ ಫೋಟೋದ ಒಳಗೇ ಇರಬೇಕು, ಅಂಚಿನಿಂದ ಹೊರಗೆ ಹೋದರೆ ಮೂಲೆ ಹಿಡಿಯುವುದು ಕಷ್ಟ.

Edit > Perspective Warp ತೆರೆದರೆ ಮೊದಲು ಬರುವುದು Layout ಹಂತ. ಇಲ್ಲಿ ಚಿತ್ರ ಬಗ್ಗುವುದಿಲ್ಲ. "ಯಾವ ಯಾವ ಮುಖ ಎಲ್ಲಿದೆ" ಅಂತ ನೀವು ಅದಕ್ಕೆ ಹೇಳಿಕೊಡಬೇಕು. ಒಂದು ಚೌಕ ಎಳೆದು ಅದರ ನಾಲ್ಕು ಪಿನ್‌ಗಳನ್ನು ಎದುರಿನ ಭಾಗದ ಮೂಲೆಗಳಿಗೆ ಇಟ್ಟೆ. ಅಂದರೆ ಎಡ ತುದಿಯಿಂದ ಗುಲಾಬಿ ಗೆರೆಯ ತನಕ. ಪಕ್ಕದ ಭಾಗಕ್ಕೆ ಇನ್ನೊಂದು ಚೌಕ. ಅದರ ಅಂಚು ಮೊದಲನೆಯದರ ಹತ್ತಿರ ಬರುತ್ತಿದ್ದ ಹಾಗೇ ಎರಡೂ ಅಂಚು ಹೊಳೆಯುತ್ತವೆ, ಕೈ ಬಿಟ್ಟರೆ ಅಂಟಿಕೊಳ್ಳುತ್ತವೆ. ಎಂಟು ಪಿನ್ ಆರಾಗುತ್ತದೆ. ಆರಾಗದೆ ಎಂಟೇ ಉಳಿದಿದ್ದರೆ ಅಂಟಿಲ್ಲ ಅಂತ ಅರ್ಥ. ಮುಂದೆ ಹೋದರೆ ಮಡಿಕೆಯಲ್ಲಿ ಚಿತ್ರ ಹರಿಯುತ್ತದೆ.

ಆಮೇಲೆ W ಒತ್ತಿ. ಈಗ ಪಿನ್ ಎಳೆದರೆ ಚಿತ್ರ ಬಗ್ಗುತ್ತದೆ. ನಾನು ಮೊದಲು ಮಡಿಕೆಯ ಎರಡು ಪಿನ್‌ಗಳನ್ನು ಬೋರ್ಡಿನ ಮಡಿಕೆಗೆ ಇಡುತ್ತೇನೆ, ಆಮೇಲೆ ಹೊರಗಿನ ನಾಲ್ಕು. ಉಲ್ಟಾ ಮಾಡಿದರೆ ನಡುವೆ ಚಿತ್ರ ತಿರುಚಿಕೊಂಡು ಯಾವ ಪಿನ್ ಯಾವುದು ಅಂತಲೇ ತಿಳಿಯುವುದಿಲ್ಲ. Layout ತಪ್ಪಿದೆ ಅನಿಸಿದರೆ L ಒತ್ತಿ ಹಿಂದೆ ಹೋಗಬಹುದು. ಎಲ್ಲ ಆದ ಮೇಲೆ Enter. ಲೇಯರ್ ಪಟ್ಟಿಯಲ್ಲಿ ಸ್ಮಾರ್ಟ್ ಆಬ್ಜೆಕ್ಟಿನ ಕೆಳಗೆ Perspective Warp ಅಂತ ಒಂದು ಸಾಲು ಕಾಣಬೇಕು. ಅದರ ಮೇಲೆ ಎರಡು ಸಲ ಒತ್ತಿದರೆ ಪಿನ್‌ಗಳು ವಾಪಸ್ ಬರುತ್ತವೆ. ಸಾಲೇ ಇಲ್ಲದಿದ್ದರೆ ನೀವು ಸ್ಮಾರ್ಟ್ ಆಬ್ಜೆಕ್ಟ್ ಮಾಡಲು ಮರೆತಿದ್ದೀರಿ, ತಕ್ಷಣ ಹಿಂದಕ್ಕೆ ಹೋಗಿ.

ಈಗ ಕರ್ಣಗಳನ್ನು ನೋಡಿ. ಎರಡೂ ಮುಖದಲ್ಲಿ ನೆಟ್ಟಗಿದ್ದರೆ ಸರಿ. ಬಾಗಿದ್ದರೆ ಬಹುತೇಕ Layoutನಲ್ಲಿ ಪಿನ್ ಡಿಸೈನಿನ ಮೂಲೆಗೆ ಸರಿಯಾಗಿ ಕೂತಿಲ್ಲ. ಶೇಕಡ 200ಕ್ಕೆ ಹಿಗ್ಗಿಸಿ ನೋಡಿದರೆ ನಾಲ್ಕೈದು ಪಿಕ್ಸೆಲ್ ಒಳಗೆ ನಿಂತಿರುತ್ತದೆ.

ಇದನ್ನೇ ಎರಡು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಎರಡನ್ನೂ ಬೇರೆ ಬೇರೆ ಡಿಸ್ಟಾರ್ಟ್ ಮಾಡಿದರೆ ಆಗುವುದಿಲ್ಲವಾ? ಆಗುತ್ತದೆ. ಗ್ರಾಫಿಕ್ಸ್ ಪ್ರೊಸೆಸರ್ ಇಲ್ಲದವರು ಹಾಗೇ ಮಾಡಬೇಕು. ಚಿತ್ರವೂ ಹೆಚ್ಚು ಚೂಪಾಗಿ ಬರುತ್ತದೆ. ತೊಂದರೆ ಎರಡು. ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ, ಅದಕ್ಕೆ ಒಂದು ಮುಖವನ್ನು ಒಂದೆರಡು ಪಿಕ್ಸೆಲ್ ಇನ್ನೊಂದರ ಕೆಳಗೆ ತಳ್ಳಬೇಕು. ಮತ್ತೆ ಹಸಿರು ಪಟ್ಟಿಯ ಎತ್ತರ ಬದಲಿಸಿ ಅಂದರೆ ಎರಡು ಫೈಲಿನಲ್ಲೂ ಬದಲಿಸಬೇಕು, ಒಂದರಲ್ಲಿ ಮರೆತರೆ ಪಟ್ಟಿ ಮಡಿಕೆಯಲ್ಲಿ ಮೆಟ್ಟಿಲಾಗುತ್ತದೆ. ಎರಡು ಮುಖದಲ್ಲೂ ಸಂಬಂಧವಿಲ್ಲದ ಬರಹ ಇದ್ದರೆ, ಎದುರು ಹೆಸರು ಪಕ್ಕದಲ್ಲಿ ಬರೀ ಫೋನ್ ನಂಬರ್ ಅಂದುಕೊಳ್ಳಿ, ಎರಡು ಡಿಸ್ಟಾರ್ಟೇ ವಾಸಿ. ಏನಾದರೂ ಮಡಿಕೆ ದಾಟಿ ಹೋಗುತ್ತಿದ್ದರೆ ಪರ್ಸ್ಪೆಕ್ಟಿವ್ ವಾರ್ಪ್.

ವ್ಯಾನಿಶಿಂಗ್ ಪಾಯಿಂಟ್ ಯಾವಾಗ?

Filter ಮೆನುವಿನಲ್ಲಿರುವ ಇದು 2005ರ ಸಿಎಸ್2 ಕಾಲದ್ದು. ಗ್ರಿಡ್ ಎಳೆದರೆ ನೀಲಿ ಬಂದರೆ ಸರಿ, ಹಳದಿ ಅಥವಾ ಕೆಂಪು ಬಂದರೆ ನೀವು ಇಟ್ಟ ಮೂಲೆಗಳು ಆಗದ ಆಕಾರ ಮಾಡಿವೆ ಅಂತ ಅರ್ಥ. ಬೇರೆ ಯಾವ ದಾರಿಯೂ ಹೀಗೆ ಎಚ್ಚರಿಸುವುದಿಲ್ಲ. ಒಂದು ಮುಖದ ಅಂಚನ್ನು Ctrl ಹಿಡಿದು ಎಳೆದರೆ ಪಕ್ಕದ ಮುಖ ತಾನಾಗೇ ಹುಟ್ಟುತ್ತದೆ. ಅಂಟಿಸಿದ ಚಿತ್ರ ಮಡಿಕೆ ದಾಟಿ ಹರಿಯುತ್ತದೆ. ಇಷ್ಟೆಲ್ಲ ಇದ್ದರೂ ಬೋರ್ಡ್ ಕೂರಿಸಲು ನಾನು ಇದನ್ನು ಹೇಳುವುದಿಲ್ಲ. ಇದು ಸ್ಮಾರ್ಟ್ ಫಿಲ್ಟರ್ ಆಗುವುದಿಲ್ಲ. ಬಂದದ್ದು ಬರೀ ಪಿಕ್ಸೆಲ್. ಫೋನ್ ನಂಬರಿನ ಒಂದು ಅಂಕಿ ಬದಲಾದರೂ ಮೊದಲಿಂದ ಅಂಟಿಸಬೇಕು.

ಆದರೆ ಒಂದು ಕೆಲಸಕ್ಕೆ ಇದಕ್ಕೆ ಸಮ ಇಲ್ಲ. ತೀರ್ಥಹಳ್ಳಿ, ಆಗುಂಬೆ ಕಡೆ ಹೋಮ್‌ಸ್ಟೇಗಳಲ್ಲಿ ಮರದ ಹಲಗೆಯ ಬೋರ್ಡ್ ಇರುತ್ತದಲ್ಲ, ಪಾಚಿ ಹಿಡಿದದ್ದು. ಅವರಿಗೆ ಹಲಗೆ ಹಾಗೇ ಇರಬೇಕು, ಹೆಸರು ಮಾತ್ರ ಬದಲಾಗಬೇಕು. ಹೊಸ ಅಕ್ಷರಗಳನ್ನು Multiply ಮೋಡಿನಲ್ಲಿ ಹಲಗೆ ಮೇಲೆ ಕೂರಿಸಬಹುದು, ಆದರೆ ಹಳೇ ಅಕ್ಷರ ಮೊದಲು ಅಳಿಸಬೇಕು. ಮಾಮೂಲಿ ಕ್ಲೋನ್ ಸ್ಟ್ಯಾಂಪಿನಲ್ಲಿ ಹತ್ತಿರದ ಹಲಗೆಯ ಗೆರೆಯನ್ನು ದೂರಕ್ಕೆ ಹಾಕಿದರೆ ಗೆರೆ ದಪ್ಪ ಬರುತ್ತದೆ, ಕೋನವೂ ತಪ್ಪುತ್ತದೆ. ವ್ಯಾನಿಶಿಂಗ್ ಪಾಯಿಂಟಿನ ಒಳಗಿನ ಸ್ಟ್ಯಾಂಪ್ ದೂರ ಹೋದ ಹಾಗೆ ಗೆರೆಯನ್ನು ಸಣ್ಣ ಮಾಡುತ್ತಾ ಹೋಗುತ್ತದೆ. ಅಳಿಸಲು ಇದು, ಕೂರಿಸಲು ಡಿಸ್ಟಾರ್ಟ್. ನನ್ನ ಪದ್ಧತಿ ಇದು. ಮೂಲ ಫೋಟೋದ ಒಂದು ಪ್ರತಿಯ ಮೇಲೆ ಮಾಡಿ.

ಫೋಟೋಶಾಪ್ ಇಲ್ಲದಿದ್ದರೆ

ತಿಂಗಳ ಬಾಡಿಗೆ ಕಟ್ಟುವಷ್ಟು ಕೆಲಸ ಇಲ್ಲದವರಿಗೆ ಫೋಟೋಪಿ ಸಾಕು. ಬ್ರೌಸರಿನಲ್ಲಿ ನಡೆಯುತ್ತದೆ, ಪಕ್ಕದಲ್ಲಿ ಜಾಹೀರಾತು ಇರುತ್ತದೆ, ದುಡ್ಡಿಲ್ಲ. ಸ್ಮಾರ್ಟ್ ಆಬ್ಜೆಕ್ಟ್ ಇದೆ, ಪಿಎಸ್‌ಡಿ ಫೈಲು ತೆರೆಯುತ್ತದೆ. ಫೋಟೋ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುವುದರಿಂದ ಮಲೆನಾಡಿನ ಮಳೆಗಾಲದ ನೆಟ್‌ವರ್ಕಿನಲ್ಲೂ, ಪುಟ ಒಮ್ಮೆ ತೆರೆದುಕೊಂಡರೆ ಕೆಲಸ ಸಾಗುತ್ತದೆ. Ctrl+T ಬದಲು Alt+Ctrl+T ಒತ್ತಬೇಕು, ಇಲ್ಲದಿದ್ದರೆ ಬ್ರೌಸರ್ ಹೊಸ ಟ್ಯಾಬ್ ತೆರೆದು ಕೂರುತ್ತದೆ. ಒಂದು ಮುಖದ ಬೋರ್ಡಿಗೆ, ಲ್ಯಾಪ್‌ಟಾಪ್ ಪರದೆಗೆ ಫೋಟೋಶಾಪಿನ ಡಿಸ್ಟಾರ್ಟಿಗೂ ಇದಕ್ಕೂ ಫಲಿತಾಂಶದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ರ‍್ಯಾಮ್ ಕಡಿಮೆ ಇದ್ದು ಫೈಲು ದೊಡ್ಡದಾದರೆ ಮಾತ್ರ ಒದ್ದಾಡುತ್ತದೆ.

ಗಿಂಪಿನಲ್ಲಿ Shift+P ಒತ್ತಿದರೆ ಪರ್ಸ್ಪೆಕ್ಟಿವ್ ಟೂಲ್ ಬರುತ್ತದೆ, ನಾಲ್ಕು ಮೂಲೆ ಎಳೆಯಬಹುದು. ನಾನು ಬಳಸುವ ಆವೃತ್ತಿಯಲ್ಲಿ ಅದು ಪಿಕ್ಸೆಲನ್ನೇ ಬದಲಿಸಿಬಿಡುತ್ತದೆ. ಒಂದೇ ಸಲಕ್ಕೆ ಮುಗಿಯುವ ಕೆಲಸಕ್ಕೆ ಸರಿ. ಅಂಥ ಗಿರಾಕಿ ಸಿಕ್ಕಿದರೆ ನನಗೂ ತಿಳಿಸಿ.

ಗಿಂಪಿನ ಪರ ಒಂದು ಮಾತು ಹೇಳಲೇಬೇಕು. ಅದರಲ್ಲಿ ಯೂನಿಕೋಡ್ ಕನ್ನಡ ಏನೂ ಸೆಟ್ಟಿಂಗ್ ಇಲ್ಲದೆ ಸರಿಯಾಗಿ ಬರುತ್ತದೆ. ಫೋಟೋಶಾಪಿನ ಹಳೇ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ನಿಲ್ಲುತ್ತದೆ. "ಶಿವಮೊಗ್ಗ" ಅನ್ನುವುದು "ಶಿವಮೊಗ್‌ಗ" ಆಗುತ್ತದೆ. Preferences > Type ಒಳಗೆ ಸರಿ ಮಾಡಿಕೊಳ್ಳಿ. ಓರೆ ಮಾಡಿ ಸಣ್ಣದಾದ ಮೇಲೆ ಈ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಗಿರಾಕಿಯ ಕಣ್ಣಿಗೆ ಮಾತ್ರ ಬೀಳುತ್ತದೆ.

ಕೂತ ಮೇಲೆ

ಮೂಲೆಗಳು ಎಷ್ಟೇ ಸರಿ ಇದ್ದರೂ ಬೋರ್ಡ್ ಟ್ಯೂಬ್‌ಲೈಟಿನ ಹಾಗೆ ಹೊಳೆಯುತ್ತಿದ್ದರೆ ಯಾರೂ ನಂಬುವುದಿಲ್ಲ. ಮೋಡ ಕವಿದ ದಿನ ತೆಗೆದ ನನ್ನ ಗಾಂಧಿ ಬಜಾರ್ ಫೋಟೋದಲ್ಲಿ ಹಳೇ ಬೋರ್ಡಿನ ಬಿಳಿ ಅಳೆದರೆ 205ರ ಆಸುಪಾಸು ಇತ್ತು, ಸ್ವಲ್ಪ ನೀಲಿ ಕಡೆಗೆ. ನನ್ನ ಡಿಸೈನಿನ ಬಿಳಿ 255. ಸ್ಮಾರ್ಟ್ ಆಬ್ಜೆಕ್ಟಿನ ಮೇಲೆ ಒಂದು Levels ಲೇಯರ್ ಕ್ಲಿಪ್ ಮಾಡಿ, ಕೆಳಗಿನ ಔಟ್‌ಪುಟ್ ಪಟ್ಟಿಯ ಬಿಳಿ ತುದಿಯನ್ನು 205ಕ್ಕೆ ಇಳಿಸಿದೆ. ಕಪ್ಪು ತುದಿಯನ್ನು 20ಕ್ಕೆ ಏರಿಸಿದೆ, ಯಾಕೆಂದರೆ ಫೋಟೋದಲ್ಲಿ ಪೂರ್ತಿ ಕಪ್ಪು ಎಲ್ಲೂ ಇರಲಿಲ್ಲ. ಪಕ್ಕದ ಮುಖ ಎದುರಿನದಕ್ಕಿಂತ ಕತ್ತಲಾಗಿತ್ತು. ಅದಕ್ಕೆ ಮಡಿಕೆಯಿಂದ ಆಚೆಗೆ ಮಾತ್ರ ಇನ್ನೊಂದು. ಈ ವ್ಯತ್ಯಾಸ ಕೊಡದಿದ್ದರೆ ಮಡಿಕೆ ಇದೆ ಅಂತಲೇ ಕಣ್ಣಿಗೆ ಅನಿಸುವುದಿಲ್ಲ. ಕೊನೆಗೆ ಅರ್ಧ ಪಿಕ್ಸೆಲ್ ಗಾಸಿಯನ್ ಬ್ಲರ್, ಶೇಕಡ 2 ನಾಯ್ಸ್. ಫೋನ್ ಫೋಟೋದ ಕಾಳು ಕಾಳಿಗೆ ಅದು ಹೊಂದುತ್ತದೆ.

ಬೋರ್ಡ್ ಮುಂದೆ ಕರೆಂಟಿನ ತಂತಿ ಹಾದುಹೋಗಿತ್ತು. ತಂತಿಯ ಮಾಸ್ಕನ್ನು ಸ್ಮಾರ್ಟ್ ಆಬ್ಜೆಕ್ಟಿಗೇ ಹಾಕಬೇಡಿ. ಮತ್ತೆ ಮೂಲೆ ಸರಿಸಿದಾಗ ಮಾಸ್ಕೂ ಜೊತೆಗೆ ಸರಿದು ತಂತಿ ಎರಡಾಗಬಹುದು. ಲೇಯರನ್ನು ಒಂದು ಗ್ರೂಪಿನೊಳಗೆ ಇಟ್ಟು ಗ್ರೂಪಿಗೆ ಮಾಸ್ಕ್ ಹಾಕಿ. ಡಿಸೈನ್ ಒಳಗೆ ಎಷ್ಟು ಅಲ್ಲಾಡಿದರೂ ತಂತಿ ಅಲ್ಲೇ ಇರುತ್ತದೆ.

ಹಾರ್ಡ್‌ವೇರ್ ಅಂಗಡಿಯವರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. "ಚೆನ್ನಾಗಿದೆ ಕಣ್ರೀ. ಹಸ್ರು ಬೇಡ, ನೀಲಿ ಮಾಡಿ. ಮತ್ತೆ ಆ ತಂತಿ ಯಾಕೆ ಇಟ್ಟಿದೀರಿ?" ನೀಲಿಗೆ ಒಂದು ನಿಮಿಷ ಹಿಡಿಯಿತು: ಒಳಗಿನ ಫೈಲು ತೆರೆದು, ಪಟ್ಟಿಯ ಬಣ್ಣ ಬದಲಿಸಿ, Ctrl+S. ತಂತಿ ಬೆಸ್ಕಾಂನದ್ದೋ ಮೆಸ್ಕಾಂನದ್ದೋ ಅಂತ ಅವರೇ ಕೇಳಿದರು, ಮೆಸ್ಕಾಂನದ್ದು ಅಂದೆ, ಗ್ರೂಪಿನ ಮಾಸ್ಕ್ ಆಫ್ ಮಾಡಿ ಇನ್ನೊಂದು ಪ್ರತಿ ಕಳಿಸಿದೆ.